ಮುಚ್ಚಿದ ಕೋಣೆಯ ಒಂದು ಗಂಟೆ

“ಅತ್ತೆ, ತಪ್ಪು ನಂದೇ. ಕಂಪ್ಯೂಟರ್ ಬಂತು ಅಂದ್ರೆ ಪಕ್ಕದ ಮುಚ್ಚಳ ಬಿಚ್ಚಿ, ಫ್ಯಾನಿನ ಕೆಳಗಿಟ್ಟು ಓಡಿಸಿ ನೋಡ್ತೀವಿ. ಜ್ವರದವರನ್ನ ತಣ್ಣೀರಲ್ಲಿ ಕೂರಿಸಿ ಮೈ ಮುಟ್ಟಿ ಕಾವು ನೋಡಿದ ಹಾಗೆ. ಟೀಚರಮ್ಮ ಅವರ ಮನೆ ಕಂಪ್ಯೂಟರನ್ನ ಎರಡು ಸಲ ತಂದ್ರು. ಅದರಲ್ಲಿ ಆಟ ಶುರುವಾಗಿ ಒಂದು ಗಂಟೆಗೆ ಪಟ್ ಅಂತ ಆರಿಹೋಗುತ್ತಂತೆ. ಒಂದೋ ಒಳಗೆ ಕಾವು ಏರಿರಬೇಕು, ಇಲ್ಲಾ ಕರೆಂಟು ನೆಟ್ಟಗೆ ಸಿಗ್ತಿಲ್ಲದೆ ಇರಬೇಕು. ಮೊದಲ ಸಲ ಧೂಳು ತೆಗೆದೆ. ಎರಡನೇ ಸಲ ಪವರ್ ಸಪ್ಲೈ ಬದಲಾಯಿಸಿದೆ. ಅಂಗಡೀಲಿ ಮೂರು ಗಂಟೆ ಓಡ್ತು. ಅವರ ಮನೇಲಿ ಮತ್ತೆ ಒಂದೇ ಗಂಟೆ.”

ಹೀಗೆಂದವಳು ನನ್ನ ಸೊಸೆ. ರಿಪೇರಿ ಅಂಗಡಿ ಇಟ್ಟು ಹನ್ನೆರಡು ವರ್ಷವಾಯಿತು. ಬೀದಿಯವರಿಗೆ ಅವಳು ‘ಸ್ಕ್ರೂ ಅಕ್ಕ’. ಅವಳ ಬಟ್ಟೆ ಒಗೆಯುವ ಮೊದಲು ನಾನು ಜೇಬು ತಡವಲೇಬೇಕು. ಸೋತ ಕೆಲಸವೊಂದಿದ್ದರೆ ಅವಳಿಗೆ ಅನ್ನ ಇಳಿಯದು.

ಮರುದಿನ ಮಧ್ಯಾಹ್ನ ಟೀಚರಮ್ಮನ ಮನೆಗೆ ಹೊರಟಳು. ಒಬ್ಬಳೇ ಹೋಗಲು ಏನೋ ಅಳುಕು, ನನ್ನನ್ನೂ ಕರೆದಳು.

ಕಂಪ್ಯೂಟರ್ ಅವರ ಮಗಳದು. ಹುಡುಗಿ ತೀರಿಕೊಂಡು ಎಂಟು ತಿಂಗಳು. ಅವಳು ಆಡುತ್ತಿದ್ದ ಆಟ ಕೊನೆಯ ಘಟ್ಟದಲ್ಲಿ ನಿಂತಿತ್ತು. ಅದನ್ನು ಮುಗಿಸಲು ಒಂದೂವರೆ ಗಂಟೆ ಬೇಕು, ನಡುವೆ ಉಳಿಸಿಡಲಾಗದು. ಮಗಳಿಗಾಗಿ ಅದೊಂದನ್ನು ಮುಗಿಸಲೆಂದು ತಾಯಿ ಆಟ ಕಲಿತಿದ್ದರು.

“ಪ್ರತಿ ಸಲ ಅಲ್ಲಿಗೇ ನಿಲ್ಲಿಸ್ತಾಳೆ ಕಣ್ರೀ,” ಎಂದರು ಟೀಚರಮ್ಮ ತಗ್ಗಿದ ದನಿಯಲ್ಲಿ. “ನಾನು ಮುಗಿಸೋದು ಅವಳಿಗಿಷ್ಟ ಇಲ್ವೇನೋ.”

ಕೋಣೆಯೊಳಗೆ ಕಾಲಿಟ್ಟರೆ ಉಸಿರು ಕಟ್ಟಿತು. ಕಿಟಕಿಗಳ ಸಂದಿಗೆಲ್ಲ ಬಟ್ಟೆ ತುರುಕಿದ್ದರು. ಎಣ್ಣೆ ಹಚ್ಚಿದ ಕೂದಲಿನ ವಾಸನೆ, ಯಾರೋ ಈಗತಾನೇ ಎದ್ದು ಹೋದಂತೆ.

ಕಂಪ್ಯೂಟರಿನ ಡಬ್ಬಿ ಮೇಜಿನ ಮರದ ಗೂಡಿನಲ್ಲಿತ್ತು. ಅದರ ಮೇಲೆ ಹುಡುಗಿಯ ಶಾಲು.

“ಇದನ್ನ ಅಂಗಡಿಗೆ ತರಲೇ ಇಲ್ಲವಲ್ಲ ನೀವು?” ಸೊಸೆ ಶಾಲು ತೋರಿಸಿ ಕೇಳಿದಳು.

“ಬಟ್ಟೆ ಅಲ್ವಾ? ಅದರಲ್ಲೇನು ರಿಪೇರಿ?”

ಸೊಸೆ ಏನನ್ನೂ ಕದಲಿಸದೆ ಆಟ ಹಚ್ಚಿದಳು. ಪರದೆಯ ಮೂಲೆಯಲ್ಲಿ ಕಾವಿನ ಲೆಕ್ಕ: ಎಪ್ಪತ್ತು, ಎಂಬತ್ತೆರಡು, ತೊಂಬತ್ತೊಂದು. ಐವತ್ತು ನಿಮಿಷಕ್ಕೆ ತೊಂಬತ್ತೆಂಟು. ಒಳಗಿನ ಫ್ಯಾನು ಕಿರುಚುತ್ತಿತ್ತು. ಅವಳು ಶಾಲು ಎತ್ತಿ ಡಬ್ಬಿಯನ್ನು ಗೂಡಿನಿಂದ ಹೊರಗೆಳೆದಳು. ಕಾವು ಎಂಬತ್ತೈದಕ್ಕೆ ಇಳಿಯಿತು. ಸ್ವಲ್ಪ ಹೊತ್ತಿಗೆ ಮತ್ತೆ ಏರತೊಡಗಿತು.

“ಬಿಸಿಗಾಳಿ ಹೋಗೋಕೆ ದಾರಿಯಿಲ್ಲ ಅಮ್ಮಾ. ಇದು ತಾನು ಸುಟ್ಟುಹೋಗಬಾರದು ಅಂತ ತಾನೇ ಆರುತ್ತೆ. ಬೇರೆ ಯಾರೂ ಆರಿಸ್ತಿಲ್ಲ. ಕಿಟಕಿ ತೆಗೀಬೇಕು.”

“ತೆಗೆದ್ರೆ ಅವಳ ವಾಸನೆ ಹೋಗುತ್ತೆ.”

ಸಂಖ್ಯೆ ತೊಂಬತ್ತು ದಾಟಿತು. ಟೀಚರಮ್ಮ ಎದ್ದು, ಸಂದಿಯ ಬಟ್ಟೆಗಳನ್ನು ಒಂದೊಂದಾಗಿ ಎಳೆದರು. ಕಿಟಕಿಯ ಕದ ತೆರೆದುಕೊಂಡಿತು. ಗಾಳಿ ಒಳನುಗ್ಗಿದಾಗ ಮೂಗು ಮೇಲೆತ್ತಿ ಆಳವಾಗಿ ಉಸಿರೆಳೆದುಕೊಂಡರು.

ಒಂದು ಗಂಟೆ ದಾಟಿತು. ಪರದೆ ಆರಲಿಲ್ಲ.

“ಆಡಿ ಅಮ್ಮಾ,” ಎಂದಳು ಸೊಸೆ.

“ಇದೂ ಮುಗಿದ್ರೆ ಅವಳದು ಇನ್ನೇನು ಉಳಿಯುತ್ತೆ?” ಎಂದ ಅವರು ಕುರ್ಚಿಯ ಕಡೆ ನೋಡಿ, ಅಲ್ಲಿ ಮಗಳೇ ಕುಳಿತಿದ್ದಾಳೆಂಬಂತೆ ಬಳಸಿ ಹೋದರು. ಮೂಲೆಯ ಪೊರಕೆ ತೆಗೆದುಕೊಂಡು, ಕಿಟಕಿಯಿಂದ ಉದುರಿದ್ದ ಧೂಳನ್ನು ನಿಧಾನವಾಗಿ ಗುಡಿಸತೊಡಗಿದರು.