ದೊಡ್ಡಣ್ಣನಿಗೆ ಕೊಟ್ಟ ಸುಧಾರಣೆಯ ಪತ್ರ

ಆಸ್ಪತ್ರೆಯ ನೆಲಮಾಳಿಗೆಯಲ್ಲಿ, ರೋಗಿಗಳು ಎಂದೂ ಕಾಲಿಡದ ಒಂದು ಉದ್ದನೆಯ ಕೋಣೆಯಿತ್ತು. ಮೇಲಿನ ಆಪರೇಷನ್ ಥಿಯೇಟರುಗಳಲ್ಲಿ ಬಳಸಿದ ಕತ್ತರಿ, ಚಿಮುಟಗಳೆಲ್ಲ ಅಲ್ಲಿಗೇ ಬಂದು ಬೀಳಬೇಕು. ಒಂದು ತುದಿಯಲ್ಲಿ ತೊಳೆಯುವವರು, ನಡುವಿನ ಮೇಜುಗಳಲ್ಲಿ ಒಂದೊಂದನ್ನೂ ಪರೀಕ್ಷಿಸಿ, ಪಟ್ಟಿ ನೋಡಿ ಟ್ರೇಯಲ್ಲಿ ಜೋಡಿಸಿ, ರುಜು ಹಾಕಿ, ಬಟ್ಟೆ ಸುತ್ತುವವರು. ಇನ್ನೊಂದು ತುದಿಯಲ್ಲಿ ಹಬೆಯ ಯಂತ್ರಗಳು ಬುಸುಗುಡುತ್ತಿದ್ದವು. ಹನ್ನೊಂದು ಮಂದಿಯ ಆ ಕೋಣೆಗೆ ಮೇಲ್ವಿಚಾರಕಿಯಾಗಿದ್ದವಳನ್ನು ಎಲ್ಲರೂ ಅಕ್ಕ ಎನ್ನುತ್ತಿದ್ದರು. ಅವಳನ್ನು ತಂಗಿ ಎನ್ನುತ್ತಿದ್ದವನು ಒಬ್ಬನೇ, ಜೋಡಣೆ ಮೇಜಿನ ದೊಡ್ಡಣ್ಣ.

ಹದಿನಾರು ವರ್ಷದ ಹಿಂದೆ ಅಕ್ಕ ಆ ಕೋಣೆಗೆ ಬಂದಾಗ ಅವಳಿಗೆ ಯಾವ ಚಿಮುಟಕ್ಕೆ ಯಾವ ಹೆಸರು ಎಂಬುದೂ ತಿಳಿಯದು. ದೊಡ್ಡಣ್ಣ ಪಕ್ಕದಲ್ಲಿ ನಿಲ್ಲಿಸಿಕೊಂಡು ಕಲಿಸಿದ. "ತಂಗಿ, ಕಣ್ಣು ಹೇಳಿದ್ದನ್ನ ಬೆರಳಿಗೆ ಕೇಳು, ಬೆರಳು ಹೇಳಿದ್ದನ್ನ ಪಟ್ಟಿಗೆ ಕೇಳು. ಮೂವರೂ ಒಪ್ಪಿದ್ರೆ ರುಜು ಹಾಕು" ಎನ್ನುತ್ತಿದ್ದ. ಅವಳ ತಂದೆ ತೀರಿಕೊಂಡಾಗ ಹನ್ನೆರಡು ದಿನ ಅವಳ ಪಾಳಿಯನ್ನೂ ತಾನೇ ಮಾಡಿ ಯಾರಿಗೂ ಹೇಳಿಕೊಂಡಿರಲಿಲ್ಲ. ಮುಂದೆ ಮೇಲ್ವಿಚಾರಕರ ಹುದ್ದೆ ಖಾಲಿಯಾದಾಗ, ಕಂಪ್ಯೂಟರು ನನ್ನ ಕೈಗೆ ಒಗ್ಗೋದಲ್ಲ ಎಂದು ಅವನೇ ಹಿಂದೆ ಸರಿದು ಅವಳನ್ನು ಮುಂದೆ ತಳ್ಳಿದ.

ಹೀಗಾಗಿ, ಎರಡು ವರ್ಷದ ಹಿಂದೆ ಅವನ ಮೇಜಿನ ಮೇಲೆ ಮೊದಲ ಸಲ ಒಂದು ಚಿಮುಟ ಉಳಿದುಹೋಗಿದ್ದನ್ನು ಕಂಡಾಗ ಅಕ್ಕ ಬಾಯಿ ಬಿಡಲಿಲ್ಲ. ಅವನು ಊಟಕ್ಕೆ ಹೋಗಿದ್ದ. ಸುತ್ತಿದ ಬಟ್ಟೆ ಬಿಚ್ಚಿ, ಚಿಮುಟವನ್ನು ಸೇರಿಸಿ, ಮತ್ತೆ ಸುತ್ತಿಟ್ಟಳು. ಪಟ್ಟಿಯಲ್ಲಿ ಎಲ್ಲವೂ ಇದೆ ಎಂದು ಅವನ ರುಜು ಬಿದ್ದಿತ್ತು. ಯಾರಿಗಾದರೂ ಆಗುವಂಥದ್ದು ಎಂದುಕೊಂಡಳು. ಆಮೇಲೆ ತಿಂಗಳಿಗೆ ಒಂದು, ಆಮೇಲೆ ಎರಡು. ಅವನು ಎದ್ದುಹೋದ ಮೇಲೆ ಅವನ ಮೇಜಿನ ಬಳಿ ಸುಳಿದಾಡುವುದು ಅವಳಿಗೆ ಅಭ್ಯಾಸವೇ ಆಗಿಬಿಟ್ಟಿತು. ವರ್ಷದ ವರದಿಯಲ್ಲಿ ಅವನ ಹೆಸರಿನ ಮುಂದೆ 'ಬಹಳ ಉತ್ತಮ' ಎಂದು ಬರೆದಳು. ಮರುವರ್ಷವೂ ಹಾಗೇ ಬರೆದಳು. ಹಿರಿಯರಿಗೆ ಮರ್ಯಾದೆ ಕೊಟ್ಟೆ ಎಂದೇ ಅನಿಸಿತ್ತು.

ಅವಳು ರಜೆಯಲ್ಲಿದ್ದ ಒಂದು ವಾರ ಎಲ್ಲವೂ ಬಯಲಾಯಿತು. ಆ ವಾರ ಮೂರು ಟ್ರೇಗಳು ಕೊರತೆಯಲ್ಲೇ ಮೇಲಕ್ಕೆ ಹೋದವು. ಮೂರನೆಯದು ಹೋದಾಗ ರೋಗಿಗೆ ಆಗಲೇ ಅರಿವಳಿಕೆ ಕೊಟ್ಟಾಗಿತ್ತು. ಕತ್ತಿ ಹಚ್ಚುವ ಮೊದಲಿನ ಎಣಿಕೆಯಲ್ಲಿ ನರ್ಸು ಎರಡು ಚಿಮುಟ ಕಡಿಮೆ ಎಂದಳು. ಬೇರೆ ಟ್ರೇ ತರಿಸುವವರೆಗೆ ಇಪ್ಪತ್ತೈದು ನಿಮಿಷ ಎಲ್ಲರೂ ಗ್ಲೌಸು ತೊಟ್ಟ ಕೈ ಎಲ್ಲಿಗೂ ತಾಗದಂತೆ ಎತ್ತಿ ನಿಂತಿದ್ದರು. ರೋಗಿಗೆ ಏನೂ ಆಗಲಿಲ್ಲ. ಆದರೆ ಶಸ್ತ್ರವೈದ್ಯರ ದೂರು ಸಿಬ್ಬಂದಿ ವಿಭಾಗಕ್ಕೆ ಬಂತು.

ಸಿಬ್ಬಂದಿ ವಿಭಾಗದ ಅಧಿಕಾರಿ ಮಿತಭಾಷಿ ಹೆಂಗಸು. ಎರಡು ವರ್ಷದ ವರದಿಗಳನ್ನು ಮೇಜಿನ ಮೇಲೆ ಹರಡಿಕೊಂಡಿದ್ದಳು.

"ಎರಡು ಸಲ ಬಹಳ ಉತ್ತಮ ಅಂತ ಬರೆದಿದ್ದೀರಿ. ಈ ವಾರ ಮಾತ್ರ ಹೀಗಾಯ್ತಾ?"

ಅಕ್ಕ, "ಇಲ್ಲ, ಮುಂಚೇನೂ ಆಗಿತ್ತು" ಎಂದಳು.

"ಅವರಿಗೆ ಹೇಳಿದ್ದೀರಾ?"

"ಸ್ವಲ್ಪ ಗಮನ ಇಟ್ಟು ಮಾಡಿ ಅಂತ ಎಲ್ಲರಿಗೂ ಹೇಳ್ತಾ ಇರ್ತೀನಿ."

"ಎಲ್ಲರಿಗೂ ಹೇಳಿದ್ರೆ ಅವರಿಗೆ ಹೇಳಿದ ಹಾಗಲ್ಲ," ಎಂದಳು ಅಧಿಕಾರಿ. "ಸುಧಾರಣೆಗೆ ಆರು ವಾರದ ಅವಕಾಶ ಕೊಟ್ಟು ಒಂದು ಪತ್ರ ಬರೀರಿ. ನಾನು ನೋಡಿದ ಮೇಲೆ ಕೊಡಿ."

ಅಕ್ಕ ಮೊದಲು ಬರೆದದ್ದು ಒಂದು ಸನ್ಮಾನಪತ್ರದಂತಿತ್ತು. ದೊಡ್ಡಣ್ಣನ ಸೇವೆ, ಅನುಭವ, ಸ್ವಭಾವ ಎಲ್ಲವನ್ನೂ ಹೊಗಳಿ, ಕೊನೆಯ ಸಾಲಿನಲ್ಲಿ 'ಇನ್ನಷ್ಟು ಗಮನವಿರಲಿ' ಎಂದಿತ್ತು. ಅಧಿಕಾರಿ ಓದಿ, "ಇದನ್ನ ಓದಿದವರು ಸಿಹಿ ಹಂಚ್ತಾರೆ" ಎಂದು ಹಿಂದಿರುಗಿಸಿದಳು. ಅವಮಾನವಾಗಿ ಅಕ್ಕ ಎರಡನೆಯದನ್ನು ಬಿರುಸಾಗಿ ಬರೆದಳು. ಅದರಲ್ಲಿ ನಿರ್ಲಕ್ಷ್ಯ ಎಂಬ ಮಾತಿತ್ತು, ಆಸಕ್ತಿ ಇಲ್ಲ ಎಂಬ ಮಾತಿತ್ತು. ಅಧಿಕಾರಿ ಎರಡಕ್ಕೂ ಗೆರೆ ಎಳೆದಳು.

"ಅವರ ಮನಸ್ಸಲ್ಲಿ ಏನಿದೆ ಅಂತ ನಿಮಗೆ ಹೇಗೆ ಗೊತ್ತು? ಕಂಡದ್ದನ್ನ ಬರೀರಿ. ಯಾವ ದಿನ, ಯಾವ ಟ್ರೇ, ಏನು ಕಡಿಮೆ, ಅದು ಆಮೇಲೆ ಎಲ್ಲಿ ಸಿಕ್ತು. ಏನಾಗಬೇಕು, ನೀವೇನು ಸಹಾಯ ಮಾಡ್ತೀರಿ, ಆಗದಿದ್ದರೆ ಮುಂದೇನು. ಅಷ್ಟು ಸಾಕು."

ಮೂರನೆಯದು ಒಂದೂವರೆ ಪುಟವಾಯಿತು.

'ಕಳೆದ ಹತ್ತು ವಾರಗಳಲ್ಲಿ ನೀವು ಜೋಡಿಸಿ ರುಜು ಮಾಡಿದ ಎಂಟು ಟ್ರೇಗಳಲ್ಲಿ ಉಪಕರಣಗಳು ಕಡಿಮೆ ಇದ್ದವು. ವಿವರ ಕೆಳಗಿದೆ. ಇವುಗಳಲ್ಲಿ ಐದನ್ನು ನಾನೇ ಸರಿಪಡಿಸಿದೆ, ನಿಮಗೆ ತಿಳಿಸಲಿಲ್ಲ. ಅದು ನನ್ನ ತಪ್ಪು. ಮುಂದಿನ ಆರು ವಾರಗಳಲ್ಲಿ ನಿಮ್ಮ ರುಜು ಇರುವ ಪ್ರತಿ ಟ್ರೇಯೂ ಪಟ್ಟಿಗೆ ಪೂರ್ತಿ ಹೊಂದಬೇಕು. ಮೊದಲ ಎರಡು ವಾರ ಇನ್ನೊಬ್ಬರು ನಿಮ್ಮ ಜೊತೆ ಎರಡನೇ ಎಣಿಕೆ ಮಾಡುತ್ತಾರೆ. ಮೇಜಿಗೆ ಹೊಸ ದೀಪ, ಭೂತಗನ್ನಡಿ ಬರುತ್ತವೆ. ಪ್ರತಿ ಸೋಮವಾರ ನಾವಿಬ್ಬರೂ ಕಾಲು ಗಂಟೆ ಕೂತು ನೋಡೋಣ. ನಿಮಗೆ ಬೇಕಾದವರನ್ನು ಜೊತೆಗೆ ಕರೆತರಬಹುದು. ನಮಗೆ ತಿಳಿಯದ ಕಾರಣವೇನಾದರೂ ಇದ್ದರೆ ದಯವಿಟ್ಟು ಹೇಳಿ. ಸುಧಾರಣೆ ಆಗದಿದ್ದರೆ ನಿಮ್ಮನ್ನು ಜೋಡಣೆಯ ಕೆಲಸದಿಂದ ತೆಗೆಯಬೇಕಾಗುತ್ತದೆ, ಮುಂದಿನ ತೀರ್ಮಾನ ಸಿಬ್ಬಂದಿ ವಿಭಾಗದ್ದು. ನೀವು ಈ ಕೆಲಸ ಚೆನ್ನಾಗಿ ಮಾಡಿದ್ದನ್ನು ನಾನು ಕಂಡಿದ್ದೇನೆ, ಕಲಿತದ್ದೂ ನಿಮ್ಮಿಂದಲೇ.'

ಕೊನೆಯ ವಾಕ್ಯವನ್ನು ತೆಗೆಯುವುದೋ ಇಡುವುದೋ ಎಂದು ಅಕ್ಕ ತುಂಬ ಯೋಚಿಸಿದಳು. ಅಧಿಕಾರಿ, "ನಿಜ ತಾನೆ? ಇರಲಿ" ಎಂದಳು.

ಮಧ್ಯಾಹ್ನ ಮೂರಕ್ಕೆ ಅಕ್ಕ ದೊಡ್ಡಣ್ಣನನ್ನು ತನ್ನ ಕೋಣೆಗೆ ಕರೆದು ಬಾಗಿಲು ಮುಚ್ಚಿದಳು. ಪತ್ರವನ್ನು ಸುಮ್ಮನೆ ಕೈಗಿಡದೆ ಒಂದೊಂದು ಸಾಲನ್ನೂ ಬಾಯಲ್ಲೇ ಹೇಳಿದಳು. ದೊಡ್ಡಣ್ಣ ತಲೆಯನ್ನು ಒಂದು ಕಡೆಗೆ ವಾಲಿಸಿಕೊಂಡು ಕೇಳಿದ. ಐದನ್ನು ನಾನೇ ಸರಿಪಡಿಸಿದೆ ಎಂದಾಗ ಮಾತ್ರ ತಲೆ ಎತ್ತಿದ.

"ನನ್ನ ಬೆನ್ನ ಹಿಂದೆ ಬಂದು ತಿದ್ದಿಟ್ಟು ಹೋಗ್ತಿದ್ದೆಯಾ?"

"ಹೌದಣ್ಣ."

"ಎಷ್ಟು ದಿನದಿಂದ?"

"ಎರಡು ವರ್ಷ ಆಗಿರ್ಬೇಕು."

ದೊಡ್ಡಣ್ಣ ಪತ್ರ ತಲುಪಿದೆ ಎಂದು ರುಜು ಹಾಕಿ, ಪ್ರತಿಯನ್ನು ನಾಲ್ಕಾಗಿ ಮಡಚಿ ಜೇಬಿಗಿಟ್ಟುಕೊಂಡು ಹೋದ. ಆ ಸಂಜೆ ಯಾರೊಡನೆಯೂ ಮಾತಾಡಲಿಲ್ಲ ಎಂದು ತೊಳೆಯುವ ಕಡೆಯವರು ಹೇಳಿದರು. ಒಬ್ಬಳಂತೂ ಅಕ್ಕನಿಗೆ ಕೇಳಿಸುವಂತೆಯೇ, "ಕುರ್ಚಿ ಸಿಕ್ಕಿದ ಮೇಲೆ ಏಣಿ ಒದೆಯೋರು ಎಲ್ಲ ಕಡೆ ಇರ್ತಾರೆ" ಎಂದಳು.

ಮೊದಲ ವಾರ ಎರಡನೇ ಎಣಿಕೆಗೆ ಬಂದವಳು ನಿನ್ನೆ ಮೊನ್ನೆ ಸೇರಿದ ಹುಡುಗಿ. ದೊಡ್ಡಣ್ಣ ಮುಂಚಿಗಿಂತ ಇಮ್ಮಡಿ ಹೊತ್ತು ತೆಗೆದುಕೊಂಡ, ಬೆವರಿದ, ಪಟ್ಟಿಯನ್ನು ಬೆರಳಿಟ್ಟು ಓದಿದ. ಆದರೂ ಎರಡು ಟ್ರೇಗಳಲ್ಲಿ ಒಂದೊಂದು ಕಡಿಮೆ ಬಂತು. ಹುಡುಗಿ ಹೇಳಲೋ ಬೇಡವೋ ಎಂದು ನಿಂತಾಗ ಅವನೇ, "ಬರೀ ತಾಯಿ, ನಿನ್ನ ಕೆಲಸ ಅದು" ಎಂದ.

ಎರಡನೇ ಸೋಮವಾರದ ಮಾತುಕತೆಗೆ ಅವನು ಮಗಳನ್ನು ಕರೆತಂದ. ಶಾಲೆಯಲ್ಲಿ ಗಣಿತ ಹೇಳುವವಳು. ಜಗಳಕ್ಕೇ ಬಂದಿದ್ದಾಳೆ ಎಂದು ಅಕ್ಕ ಒಳಗೊಳಗೇ ಸಿದ್ಧಳಾದಳು. ಮಗಳು ಮಡಿಕೆ ಬಿದ್ದ ಪತ್ರವನ್ನು ಬಿಡಿಸಿ ಮೇಜಿನ ಮೇಲಿಟ್ಟಳು. ಎಂಟು ಘಟನೆಗಳ ಪಟ್ಟಿಯಲ್ಲಿ ಏಳರ ಕೆಳಗೆ ಪೆನ್ಸಿಲಿನ ಗೆರೆಗಳಿದ್ದವು.

"ಅತ್ತೆ, ನೀವೇ ಬರೆದಿದ್ದೀರಿ. 'ಮೇಜಿನ ಎಡ ಅಂಚಿನಲ್ಲಿ ಸಿಕ್ಕಿತು', 'ಎಡಗೈ ಪಕ್ಕದ ಬುಟ್ಟಿಯಲ್ಲಿ ಸಿಕ್ಕಿತು', ಮತ್ತೆ 'ಎಡ ಅಂಚಿನಲ್ಲಿ'. ಏಳೂ ಎಡಗಡೆ. ಹೋದ ವಾರದವು ಎಲ್ಲಿ ಸಿಕ್ಕಿದವು?"

ಅಕ್ಕ ಹುಡುಗಿ ಎರಡನೇ ಎಣಿಕೆ ಬರೆದಿಡುತ್ತಿದ್ದ ಪುಸ್ತಕ ತೆರೆದು ನೋಡಿದಳು. ಎರಡೂ ಎಡಗಡೆ.

"ಮನೆಯಲ್ಲೂ ಎಡಗಡೆಯ ಲೋಟ ತಾಗಿ ಬೀಳುತ್ತೆ," ಎಂದಳು ಮಗಳು. "ವಯಸ್ಸಾಯ್ತು ಅಂತ ನಗ್ತಿದ್ವಿ."

ದೊಡ್ಡಣ್ಣ ನೆಲ ನೋಡುತ್ತಿದ್ದ. "ನನಗೆ ಎಲ್ಲಾ ಕಾಣುತ್ತೆ. ಪೇಪರ್ ಓದ್ತೀನಿ" ಎಂದ.

ಅವತ್ತೇ ಮೂರನೇ ಮಹಡಿಯ ಕಣ್ಣಿನ ವಿಭಾಗಕ್ಕೆ ಹೋದರು. ಬಟ್ಟಲಿನಂಥ ಯಂತ್ರದೊಳಗೆ ಮುಖವಿಟ್ಟು, ಬೆಳಕಿನ ಚುಕ್ಕೆ ಕಂಡಾಗಲೆಲ್ಲ ಗುಂಡಿ ಒತ್ತಬೇಕು. ಅಕ್ಕ ಬಾಗಿಲ ಬಳಿ ನಿಂತಿದ್ದಳು. ಎಷ್ಟೋ ಹೊತ್ತು ಗುಂಡಿಯ ಸದ್ದೇ ಕೇಳದೆ ಕಳೆಯಿತು. ಕಣ್ಣಿನೊಳಗಿನ ಒತ್ತಡ ಹೆಚ್ಚಾಗಿ ನರ ಸವೆದಿದೆ, ಎಡಗಣ್ಣಿನಲ್ಲಿ ಬಹಳ, ಬಲಗಣ್ಣಿನಲ್ಲಿ ಸ್ವಲ್ಪ ಎಂದರು ಡಾಕ್ಟರು. ನೇರ ನೋಟ ಉಳಿದಿರುವುದರಿಂದ ಓದಲು ತೊಂದರೆಯಿಲ್ಲ. ಎಡಕ್ಕೆ, ಕೆಳಕ್ಕೆ ಇರುವುದೇ ಮಾಯವಾಗುತ್ತದೆ, ಮಾಯವಾದದ್ದು ಅವರಿಗೇ ಗೊತ್ತಾಗುವುದಿಲ್ಲ.

"ಹೋದದ್ದು ಬರಲ್ಲ. ದಿನಾ ಹನಿ ಹಾಕಿ ಇರೋದನ್ನ ಉಳಿಸಿಕೊಳ್ಳೋಣ. ಒಂದೆರಡು ವರ್ಷ ಮುಂಚೆ ಬಂದಿದ್ರೆ ತುಂಬಾ ಉಳೀತಿತ್ತು."

ಆ ಎರಡು ವರ್ಷದ ಲೆಕ್ಕ ಅಕ್ಕನಿಗೆ ಗೊತ್ತಿತ್ತು. ಅದೇ ಎಡ ಅಂಚಿನಿಂದ ಅವಳ ಕೈಯೇ ಎಷ್ಟು ಚಿಮುಟಗಳನ್ನು ಎತ್ತಿರಲಿಲ್ಲ! ಅವನಿಗೆ ನೋವಾಗದಿರಲಿ ಎಂದು ಎತ್ತಿದ್ದು. ಒಂದೇ ಒಂದು ಸಲ ಅವನ ಮುಂದೆ ಹಿಡಿದು, ಅಣ್ಣ, ಇದು ಯಾಕೆ ಉಳೀತು ಎಂದು ಕೇಳಿದ್ದರೆ ಸಾಕಿತ್ತು.

ಮಗಳು ಔಷಧ ತರಲು ಹೋದಾಗ ಹೊರಗಿನ ಬೆಂಚಿನ ಮೇಲೆ ಇಬ್ಬರೇ ಉಳಿದರು. ಅಕ್ಕ ಅವನ ಎಡಕ್ಕೆ ಕೂತಿದ್ದಳು. ಆ ಕಡೆ ಅವನಿಗೆ ಕಾಣದೆಂದು ಹೊಳೆದು, ಎದ್ದು ಬಲಕ್ಕೆ ಬಂದಳು.

"ಅಣ್ಣ, ತಪ್ಪಾಯ್ತು."

"ಪತ್ರ ಕೊಟ್ಟಿದ್ದಕ್ಕಾ?" ಎಂದ ದೊಡ್ಡಣ್ಣ. "ಆ ಪತ್ರದಲ್ಲಿ ತಪ್ಪೇನೂ ಇಲ್ಲ. ಚೆನ್ನಾಗಿ ಬರೆದಿದ್ದೀರಿ. ಮಗಳೂ ಅದನ್ನೇ ಹೇಳಿದಳು. ಕೊಡೋಕೆ ಎರಡು ವರ್ಷ ತಗೊಂಡಿರಿ, ಅಷ್ಟೇ."

ಅವನು ಅಕ್ಕನನ್ನು ಬಹುವಚನದಲ್ಲಿ ಮಾತಾಡಿಸಿದ್ದು ಅದೇ ಮೊದಲು. ಅವಳು ಏನಾದರೂ ಹೇಳುವ ಮೊದಲೇ ಎದ್ದು, ಗೋಡೆಗೆ ಎಡಗೈ ತಾಗಿಸಿಕೊಂಡು ಮಗಳಿದ್ದ ಕಡೆಗೆ ನಡೆದ.

ಸಿಬ್ಬಂದಿ ವಿಭಾಗ ಆರು ವಾರದ ಗಡುವನ್ನು ಅಲ್ಲಿಗೇ ನಿಲ್ಲಿಸಿತು. ವೈದ್ಯರ ಸಲಹೆಯಂತೆ ದೊಡ್ಡಣ್ಣನನ್ನು ಟ್ರೇ ಕೊಡುವ ಕಿಟಕಿಯ ಕೆಲಸಕ್ಕೆ ಹಾಕಿದರು. ಮೇಲಿನಿಂದ ಫೋನು ಬಂದರೆ ಎತ್ತಿ, ಯಾವ ಟ್ರೇ ಬೇಕೆಂದು ಬರೆದುಕೊಳ್ಳುವುದು. ಅದನ್ನು ಅವನು ಅಚ್ಚುಕಟ್ಟಾಗಿಯೇ ಮಾಡಿದ. ಅವನ ಮೇಜು ಹುಡುಗಿಗೆ ಹೋಯಿತು. ಅಕ್ಕ ಪ್ರತಿ ಬೆಳಿಗ್ಗೆ, "ಹನಿ ಹಾಕಿದ್ರಾ ಅಣ್ಣ?" ಎಂದು ಕೇಳುತ್ತಿದ್ದಳು. "ಹಾಕಿದೆ ಮೇಡಂ" ಎನ್ನುತ್ತಿದ್ದ. ಅದಕ್ಕಿಂತ ಹೆಚ್ಚು ಮಾತಿಗೆ ಅವನು ಸಿಗಲಿಲ್ಲ.

ಹುಡುಗಿ ಒಂದು ದಿನ ಕತ್ತರಿಯ ಸಂದಿಯಲ್ಲಿ ಕಲೆ ಬಿಟ್ಟಳು. ಅಕ್ಕ ಅರ್ಧ ಗಂಟೆಯೊಳಗೆ ಅವಳನ್ನು ಪಕ್ಕಕ್ಕೆ ಕರೆದು, ಕತ್ತರಿಯನ್ನು ದೀಪದ ಕೆಳಗೆ ಬಿಡಿಸಿ ತೋರಿಸಿದಳು. ಹುಡುಗಿಯ ಕಣ್ಣಲ್ಲಿ ನೀರು ಬಂತು. ಅಕ್ಕ ನೋಡಿಯೂ ಮಾತು ನಿಲ್ಲಿಸಲಿಲ್ಲ. ತುಂಬಾ ಗಟ್ಟಿ ಹೆಂಗಸು ಎಂದು ಅವಳ ಬಗ್ಗೆ ಕೋಣೆಯಲ್ಲಿ ಮಾತಾಯಿತು.

ಮರುವರ್ಷ ದೊಡ್ಡಣ್ಣ ಅವಧಿಗೆ ಐದು ವರ್ಷ ಮುಂಚೆಯೇ ನಿವೃತ್ತಿ ತೆಗೆದುಕೊಂಡ. ಬೀಳ್ಕೊಡುಗೆಯಲ್ಲಿ ಅವನು ತೊಳೆಯುವವರಿಂದ ಹಿಡಿದು ಹಬೆಯ ಯಂತ್ರದವರವರೆಗೆ ಒಬ್ಬೊಬ್ಬರ ಬಗ್ಗೆಯೂ ಒಂದೊಂದು ತಮಾಷೆ ಹೇಳಿ ನಗಿಸಿದ. ಕೊನೆಗೆ, "ಮೇಡಂ ಅವರಿಗೂ ನಮಸ್ಕಾರ" ಎಂದು ಕೂತ. ಅಕ್ಕ ಎಲ್ಲರ ಜೊತೆ ಚಪ್ಪಾಳೆ ತಟ್ಟಿದಳು. ಆಮೇಲೆ ಖಾಲಿ ಲೋಟಗಳನ್ನು ಒಟ್ಟು ಮಾಡಿ ತೊಳೆಯಲು ತೆಗೆದುಕೊಂಡು ಹೋದಳು.