ಇಲ್ಲಿ ನಿಮ್ಮ ಕೋರಿಕೆಯನ್ನು ಹೇಳಿಕೊಳ್ಳಿ

ಬೆಳಗಿನ ಐದಕ್ಕೆ ಇನ್ನೂ ಹತ್ತು ನಿಮಿಷ ಇದೆ. ಸಾನ್ ಗ್ರೆಗೋರಿಯೊ ಊರಿನ ಕೆರೆದಂಡೆ ಬೀದಿಯಲ್ಲಿ ನಾಯಿಗಳು ಕೂಡ ಎದ್ದಿಲ್ಲ. ಫೆರ್ಮಿನಾ ಒಕಾಂಪೊ ಕಪ್ಪು ಶಾಲು ಹೊದ್ದು, ಬಟ್ಟೆಚೀಲ ತೂಗಿಸಿಕೊಂಡು ನಡೆಯುತ್ತಾಳೆ. ಚೀಲದಲ್ಲಿ ಬೆಂಕಿಪೊಟ್ಟಣ, ಅರ್ಧ ಉರಿದ ಮೇಣದಬತ್ತಿ, ಜಪಸರ, ಅಂಗೈ ಅಗಲದ ಒಂದು ಪುಸ್ತಕ. ಪುಸ್ತಕದ ಬೆನ್ನು ಕಿತ್ತುಬಂದು ದಾರದಲ್ಲಿ ಹೊಲಿಸಿಕೊಂಡಿದೆ. ಅವಳಿಗೆ ಅರವತ್ತೇಳು. ಮೊಣಕಾಲು ನೋವಿದೆ. ಆದರೂ ಮೂವತ್ತೊಂದು ವರ್ಷದಿಂದ ಈ ಊರಿನಲ್ಲಿ ಯಾರ ಮನೆಗೆ ಕಷ್ಟ ಬಂದರೂ ಒಂಬತ್ತು ದಿನದ ಪ್ರಾರ್ಥನೆ, ನೊವೆನಾ, ನಡೆಸಿಕೊಡುವವಳು ಅವಳೇ.

ಇಂದು ಅವಳು ಹೋಗುತ್ತಿರುವುದು ತನ್ನ ತಂಗಿ ಸೆಲ್ಸಾಳ ಮನೆಗೆ. ಎರಡು ಬೀದಿಯ ದೂರ. ಆ ಎರಡು ಬೀದಿ ದಾಟಲು ಅವಳಿಗೆ ಹತ್ತೊಂಬತ್ತು ವರ್ಷ ಹಿಡಿಯಿತು.

ಸೆಲ್ಸಾಳ ಹೊಟ್ಟೆಯಲ್ಲಿ ಗಡ್ಡೆ ಬೆಳೆದಿದೆ. ಇಂದಿಗೆ ಹತ್ತನೆಯ ದಿನ, ಮಂಗಳವಾರ, ಜಿಲ್ಲಾ ಆಸ್ಪತ್ರೆಯಲ್ಲಿ ಶಸ್ತ್ರಚಿಕಿತ್ಸೆ. ಅಮ್ಮನಿಗೆ ಹೇಳದೆ ಫೆರ್ಮಿನಾಳ ಬಾಗಿಲು ತಟ್ಟಿದವಳು ಸೆಲ್ಸಾಳ ಮಗಳು ಲಿದಿಯಾ.

"ದೊಡ್ಡಮ್ಮ, ಸೋಮವಾರದಿಂದ ಶುರು ಮಾಡಿದ್ರೆ ಸರಿಯಾಗುತ್ತಲ್ವಾ?"

"ಬೆರಳು ಎಣಿಸೋಕೆ ಬರಲ್ವೇನೇ ನಿಂಗೆ? ಸೋಮವಾರ ಶುರು ಮಾಡಿದ್ರೆ ಒಂಬತ್ತನೇದು ಆಪರೇಷನ್ ದಿನವೇ ಬೀಳುತ್ತೆ. ಅವತ್ತು ಅವಳು ಪ್ರಜ್ಞೆ ಇಲ್ದೆ ಮಲಗಿರ್ತಾಳೆ, ಪ್ರಾರ್ಥನೆ ಯಾರು ಮಾಡ್ತಾರೆ, ಡಾಕ್ಟ್ರಾ? ಒಂಬತ್ತನೇದು ಹಿಂದಿನ ದಿನ ಮುಗೀಬೇಕು. ಭಾನುವಾರ ಶುರು."

ಸಂತರ ಹಬ್ಬಕ್ಕೂ ಲೆಕ್ಕ ಅದೇ, ಹಬ್ಬದ ಹಿಂದಿನ ದಿನ ಒಂಬತ್ತನೆಯದು ಮುಗಿಯುವಂತೆ ಶುರು ಮಾಡುತ್ತಾರೆ. ಹಬ್ಬವೇ ಬರಲಿ ಎಂದು ಕಾಯಬೇಕಾಗಿಯೂ ಇಲ್ಲ. ಕಷ್ಟ ಕ್ಯಾಲೆಂಡರು ನೋಡಿಕೊಂಡು ಬರುವುದಿಲ್ಲ. ಒಂಬತ್ತೇ ಯಾಕೆ ಎಂದು ಕೇಳಿದರೆ ಫೆರ್ಮಿನಾ ಒಂದೇ ಉಸಿರಿಗೆ ಹೇಳುತ್ತಾಳೆ: "ಯೇಸುಸ್ವಾಮಿ ಸ್ವರ್ಗಕ್ಕೆ ಹೋದ್ಮೇಲೆ ಮಾತೆ ಮರಿಯಾ, ಶಿಷ್ಯರು ಎಲ್ಲ ಒಂದು ಕೋಣೇಲಿ ಕೂತು ಒಂಬತ್ತು ದಿನ ಪ್ರಾರ್ಥನೆ ಮಾಡಿದ್ರು. ಆಮೇಲೆ ಪವಿತ್ರಾತ್ಮ ಇಳಿದು ಬಂತು. ಅವರು ಕಾದ್ರು, ನಾವೂ ಕಾಯ್ತೀವಿ. ಅಷ್ಟೇ."

ಅಕ್ಕತಂಗಿಯರ ನಡುವೆ ಗೋಡೆ ಎದ್ದದ್ದೂ ಒಂದು ನೊವೆನಾದಲ್ಲೇ. ಅವರ ತಾಯಿ ಐದು ತಿಂಗಳು ಹಾಸಿಗೆಯಲ್ಲಿ ನರಳುತ್ತಿದ್ದಳು. ಇಬ್ಬರೂ ಮಂಚದ ಎರಡು ಬದಿಯಲ್ಲಿ ಮಂಡಿಯೂರಿ ಸಂತ ರೀತಾಳ ನೊವೆನಾ ನಡೆಸಿದರು. ಅಸಾಧ್ಯವಾದದ್ದಕ್ಕೆ ಮೊರೆಯಿಡುವುದು ಆಕೆಗೇ. ಪುಸ್ತಕದಲ್ಲಿ ದಿನಾ ಒಂದು ಕಡೆ 'ಇಲ್ಲಿ ನಿಮ್ಮ ಕೋರಿಕೆಯನ್ನು ಹೇಳಿಕೊಳ್ಳಿ' ಎಂದು ಅಚ್ಚಾಗಿರುತ್ತದೆ. ಅಲ್ಲಿ ಎಲ್ಲರೂ ಸುಮ್ಮನಾಗಿ, ಅವರವರ ಮನಸ್ಸಿನಲ್ಲೇ ಕೇಳಿಕೊಳ್ಳುತ್ತಾರೆ. ತಾಯಿ ಒಂಬತ್ತನೆಯ ದಿನ ಸಂಜೆ ತೀರಿಕೊಂಡಳು. ಮಣ್ಣು ಮಾಡಿ ಬಂದ ಮೇಲೆ ಸೆಲ್ಸಾ ಕೇಳಿದಳು, "ನೀನು ಏನು ಕೇಳ್ಕೊಂಡೆ?" ಫೆರ್ಮಿನಾಳಿಗೆ ಸುಳ್ಳು ಹೇಳಲು ಬರುವುದಿಲ್ಲ. "ನೋವಿಲ್ಲದೆ ಕರ್ಕೊಂಡು ಹೋಗು ಅಂತ ಕೇಳ್ಕೊಂಡೆ" ಎಂದಳು. "ನಾನು ಬದುಕಿಸು ಅಂತಿದ್ದೆ. ನೀನು ಪ್ರಾರ್ಥನೆ ಮಾಡಿ ಅಮ್ಮನ್ನ ಸಾಯಿಸ್ದೆ" ಎಂದಳು ಸೆಲ್ಸಾ. ಮಾತು ಅಲ್ಲಿಗೆ ನಿಂತಿತು.

ಆಮೇಲೆ ಫೆರ್ಮಿನಾ ಒಂಟಿ. ಮದುವೆಯಾಗಿಲ್ಲ. ಮನೆಯಲ್ಲಿ ಒಬ್ಬಳೇ ಜಪಸರ ಹಿಡಿದು ಕೂರುತ್ತಾಳೆ. ಮೊದಲರ್ಧ ಹೇಳುವವಳೂ ಅವಳೇ, ಉಳಿದರ್ಧದ ಉತ್ತರ ಕೊಡುವವಳೂ ಅವಳೇ. ವರ್ಷಕ್ಕೆ ಹದಿನೆಂಟು ಇಪ್ಪತ್ತು ನೊವೆನಾ ನಡೆಸುತ್ತಾಳೆ. ದುಡ್ಡು ಮುಟ್ಟುವುದಿಲ್ಲ; ಒಂದು ಬಟ್ಟಲು ಅತೋಲೆ ಗಂಜಿ ಕೊಟ್ಟರೆ ಕುಡಿಯುತ್ತಾಳೆ. ಕೋರಿಕೆ ಈಡೇರಿದವರು ಮಗುವಿನ ನಾಮಕರಣಕ್ಕೆ, ಮನೆಯ ಔತಣಕ್ಕೆ ಊರನ್ನೆಲ್ಲ ಕರೆಯುತ್ತಾರೆ. ಇವಳನ್ನು ಕರೆಯಲು ಮರೆಯುತ್ತಾರೆ. ಇವಳ ಮುಖ ಕಂಡರೆ ಕೆಟ್ಟ ದಿನಗಳ ನೆನಪಾಗುತ್ತದಂತೆ! ಒಂಬತ್ತು ದಿನ ತಮ್ಮ ಮನೆಯ ನೆಲದಲ್ಲಿ ಮಂಡಿಯೂರಿದವಳಿಗೆ ಒಂದು ಕುರ್ಚಿ ಹಾಕಲಾರದವರಿಗೆ ನಾಚಿಕೆಯಾಗಬೇಕು.

ಮೊದಲ ದಿನ ಸೆಲ್ಸಾ ಅಕ್ಕನನ್ನು ಒಳಗೆ ಬಿಟ್ಟಳು. ಆದರೆ ಬಾಯಿ ತುಂಬ ಬಹುವಚನ, ಹೊರಗಿನ ಹಿರಿಯರಿಗೆ ಹಚ್ಚುವ 'ದೋನ್ಯಾ' ಬೇರೆ. "ಬನ್ನಿ ದೋನ್ಯಾ ಫೆರ್ಮಿನಾ. ಮಗಳು ಕರೆದಿದ್ದಾಳೆ, ಬೇಡ ಅನ್ನಲ್ಲ. ಒಂದು ಷರತ್ತು. ನೀವು ಮನಸ್ಸಲ್ಲಿ ಏನೂ ಕೇಳೋ ಹಾಗಿಲ್ಲ. ಕೋರಿಕೆ ಗಟ್ಟಿಯಾಗಿ ಹೇಳ್ಬೇಕು. ನನ್ನ ಕಿವಿಗೆ ಬೀಳ್ಬೇಕು."

"ಹೇಳ್ತೀನಿ" ಎಂದಳು ಫೆರ್ಮಿನಾ.

ಮೇಜಿನ ಮೇಲೆ ರೀತಾಳ ಚಿತ್ರ, ಒಂದು ಗುಲಾಬಿ, ಉರಿಯುವ ಬತ್ತಿ. ದಿನಾ ಕ್ರಮ ಒಂದೇ. ಶಿಲುಬೆಯ ಗುರುತು ಹಾಕಿಕೊಂಡು ಪಶ್ಚಾತ್ತಾಪದ ಪ್ರಾರ್ಥನೆ. "ಕೇಳೋಕೆ ಮುಂಚೆ ಕೈ ತೊಳ್ಕೋಬೇಕಲ್ಲ" ಎನ್ನುತ್ತಾಳೆ ಫೆರ್ಮಿನಾ. ಆಮೇಲೆ ಒಂಬತ್ತು ದಿನಕ್ಕೂ ಒಂದೇ ಆಗಿರುವ ಆರಂಭದ ಪ್ರಾರ್ಥನೆ. ಅದಾದ ಮೇಲೆ ಆಯಾ ದಿನದ ಓದು, ಬದಲಾಗುವುದು ಇದೊಂದೇ. ಸಂತಳ ಬಾಳಿನ ಒಂದು ಸಂಗತಿ, ಅದರಿಂದ ನಾವು ಬೇಡಬೇಕಾದ ಒಂದು ಗುಣ. ನಂತರ 'ಸ್ವರ್ಗದಲ್ಲಿರುವ ನಮ್ಮ ತಂದೆಯೇ', 'ನಮೋ ಮರಿಯಾ', 'ಪಿತನಿಗೂ ಸುತನಿಗೂ' ಮೂರು ಮೂರು ಸಲ. ಆಗ ಬರುತ್ತದೆ ಆ ಸಾಲು, 'ಇಲ್ಲಿ ನಿಮ್ಮ ಕೋರಿಕೆಯನ್ನು ಹೇಳಿಕೊಳ್ಳಿ.' ಅದು ಮುಗಿದರೆ ಸಂತಳ ಸ್ತುತಿಯ ಹಾಡು, ಕೊನೆಯ ಪ್ರಾರ್ಥನೆ. ಒಟ್ಟು ಇಪ್ಪತ್ತೈದು ನಿಮಿಷ.

ಕೋರಿಕೆ ಹೇಗಿರಬೇಕು ಎನ್ನುವುದರಲ್ಲಿ ಫೆರ್ಮಿನಾ ಬಲು ಖಂಡಿತ. "ಒಂಬತ್ತು ದಿನಕ್ಕೆ ಒಂದೇ ಕೋರಿಕೆ. ಇವತ್ತು ಕಾಯಿಲೆ, ನಾಳೆ ಮಗಳ ಮದುವೆ, ನಾಡಿದ್ದು ಹಂದಿ ಮರಿ ಅಂತ ಸಂತೆಚೀಟಿ ಬರೀಬೇಡಿ. ಹೆಸರು ಹೇಳಿ, ಬೇಕಾದ್ದು ಬಿಚ್ಚಿ ಹೇಳಿ. ರೀತಮ್ಮ ಕೊಡೋಳಲ್ಲ, ನಮ್ಮ ಪರವಾಗಿ ಕೇಳೋಳು. ಕೊಡೋನು ದೇವರು."

ಆ ಬೆಳಗ್ಗೆ ಅವಳು ಗಟ್ಟಿಯಾಗಿ ಹೇಳಿದಳು: "ಸಂತ ರೀತಾ, ನನ್ನ ತಂಗಿ ಸೆಲ್ಸಾಳ ಆಪರೇಷನ್ ಚೆನ್ನಾಗಿ ಆಗಿ ಅವಳು ಮನೆಗೆ ಬರೋ ಹಾಗೆ ದೇವರಲ್ಲಿ ಕೇಳು. ಅದು ಅವನ ಚಿತ್ತವಾದ್ರೆ."

"ಆ ಬಾಲ ಯಾಕೆ?" ಸೆಲ್ಸಾ ಧಡಕ್ಕನೆ ಎದ್ದು ಕೂತಳು. "ಚಿತ್ತವಾದ್ರೆ, ಗಿತ್ತವಾದ್ರೆ! ಅಮ್ಮನಿಗೂ ಅದೇ ಬಾಲ ಅಂಟಿಸಿದ್ರಲ್ಲ? ಬಿಡಿ ಅದನ್ನ."

"ಬಿಡಲ್ಲ. ಅದಿಲ್ದಿದ್ರೆ ಅದು ಪ್ರಾರ್ಥನೆ ಅಲ್ಲ, ಹುಕುಂ."

ಸೆಲ್ಸಾ ಗೋಡೆ ಕಡೆ ತಿರುಗಿ ಮಲಗಿದಳು. ಆದರೂ ಹಾಡಿನ ಪ್ರತಿ ಸಾಲಿಗೆ 'ನಮಗಾಗಿ ಪ್ರಾರ್ಥಿಸು' ಎಂಬ ಉತ್ತರ ಗೋಡೆಯ ಕಡೆಯಿಂದಲೇ ಬಂತು. ನಾಲ್ಕು ದಿನ ಹಾಗೇ ನಡೆಯಿತು. ಅಕ್ಕ ಹೇಳುವುದು, ತಂಗಿ ಉತ್ತರಿಸುವುದು. ಪುಸ್ತಕದಲ್ಲಿ ಇಲ್ಲದ ಒಂದು ಮಾತೂ ಇಲ್ಲ. ಕೋರಿಕೆಯ ಕೊನೆಗೆ ಮಾತ್ರ ಲಿದಿಯಾ ಒಬ್ಬಳದೇ ಆಮೆನ್.

ಮಧ್ಯೆ ಒಂದು ದಿನ ಹಾಸಿಗೆಯ ಪಕ್ಕ ಒಂದು ಚೀಟಿ ಬಿದ್ದಿತ್ತು. 'ಇದನ್ನು ಒಂಬತ್ತು ಪ್ರತಿ ಮಾಡಿ ಒಂಬತ್ತು ದಿನ ಚರ್ಚಿನಲ್ಲಿಟ್ಟರೆ ಕೇಳಿದ್ದು ಸಿಗುತ್ತದೆ, ತಪ್ಪಿದರೆ ಕೇಡು.' ಯಾರೋ ನೆರೆಯವಳು ತಂದುಕೊಟ್ಟದ್ದು. ಫೆರ್ಮಿನಾ ಅದನ್ನು ನಾಲ್ಕು ಚೂರು ಮಾಡಿ ಒಲೆಗೆ ಹಾಕಿದಳು. "ದೇವರಿಗೆ ಬೆದರಿಕೆ ಪತ್ರ ಬರಿಯೋ ಮೂಳಗಳು!" ಗೋಡೆಯ ಕಡೆಯಿಂದ ನಗು ತಡೆದ ಸದ್ದು ಕೇಳಿಸಿತು ಎಂದು ಲಿದಿಯಾ ಆಣೆ ಹಾಕುತ್ತಾಳೆ.

ಐದನೆಯ ದಿನ ಗುರುವಾರ. ರಕ್ತ ಪರೀಕ್ಷೆಗೆಂದು ಆಸ್ಪತ್ರೆಯವರು ನಸುಕಿನಲ್ಲೇ ಕರೆಸಿಕೊಂಡರು. ಫೆರ್ಮಿನಾ ಹೋದಾಗ ಬಾಗಿಲಿಗೆ ಬೀಗ. ಬಸ್ ನಿಲ್ದಾಣದಿಂದ ಲಿದಿಯಾ ಫೋನು ಮಾಡಿ ಅತ್ತಳು. "ತಪ್ಪಿಹೋಯ್ತು ದೊಡ್ಡಮ್ಮ! ಅಮ್ಮ ಎಲ್ಲ ಹಾಳಾಯ್ತು ಅಂತಿದ್ದಾಳೆ. ಮತ್ತೆ ಒಂದರಿಂದ ಶುರು ಮಾಡೋಕೆ ದಿನ ಎಲ್ಲಿದೆ?"

"ಬಾಯಿ ಮುಚ್ಚೇ. ಇದೇನು ಮಾಟದ ಗಂಟಾ ಬಿಚ್ಚಿಹೋಗೋಕೆ? ಇವತ್ತಿನ ದಿನ ಇನ್ನೂ ಮುಗಿದಿಲ್ಲ. ಎಲ್ಲಿ ಕೂತ್ರೂ ಆಗುತ್ತೆ, ಒಬ್ಬಳೇ ಹೇಳಿದ್ರೂ ಆಗುತ್ತೆ. ಪೂರ್ತಿ ತಪ್ಪಿದ್ರೂ ಪಾಪ ಅಲ್ಲ, ನಾಳೆ ಎರಡೂ ಹೇಳಿ ಮುಂದಕ್ಕೆ ಹೋಗೋದು. ಅಲ್ಲೇ ಇರು, ಪುಸ್ತಕ ತರ್ತೀನಿ."

ನೋವಿನ ಮೊಣಕಾಲಲ್ಲಿ ನಡೆದು ಹೋಗಿ ಬಸ್ಸಿನ ಕಿಟಕಿಯಲ್ಲಿ ಪುಸ್ತಕ ಕೊಟ್ಟಳು. ಸೆಲ್ಸಾ ಕೈ ಚಾಚಿ ಇಸಿದುಕೊಂಡಳು, ಮುಖ ನೋಡಲಿಲ್ಲ. ಫೆರ್ಮಿನಾ ಮನೆಗೆ ಬಂದು ಐದನೆಯ ದಿನವನ್ನು ನೆನಪಿನಿಂದಲೇ ಹೇಳಿದಳು, ಎರಡೂ ದನಿಯಲ್ಲಿ. ಐದನೆಯ ದಿನದ ಓದು, ತನ್ನ ಗಂಡನನ್ನು ಕೊಂದವರನ್ನು ರೀತಾ ಕ್ಷಮಿಸಿ ಎರಡು ಮನೆತನಗಳ ಹಗೆ ತೀರಿಸಿದ ಸಂಗತಿ. ಆಸ್ಪತ್ರೆಯ ಬೆಂಚಿನ ಮೇಲೆ ಸೆಲ್ಸಾ ಅದನ್ನು ಒಬ್ಬಳೇ ಓದಿದಳು. ಕೋರಿಕೆಯ ಜಾಗ ಬಂದಾಗ ಬಹಳ ಹೊತ್ತು ಕಣ್ಣು ಮುಚ್ಚಿದ್ದಳಂತೆ. ಏನು ಕೇಳಿಕೊಂಡಳೋ, ಲಿದಿಯಾಗೂ ಗೊತ್ತಿಲ್ಲ.

ಮರುದಿನ ಸೆಲ್ಸಾ ಗೋಡೆಯ ಕಡೆ ತಿರುಗಲಿಲ್ಲ.

ಭಾನುವಾರ ಎಂಟನೆಯ ದಿನ. ನೊವೆನಾ ಮುಗಿಯುವುದರೊಳಗೆ ಪಾಪನಿವೇದನೆ ಮಾಡಿ ಪರಮಪ್ರಸಾದ ತೆಗೆದುಕೊಳ್ಳುವುದು ರೂಢಿ. ಸಂಜೆ ಪಾದ್ರಿ ಮನೆಗೇ ಬಂದರು. ತಂಗಿಯ ಪಾಪನಿವೇದನೆ ಮುಗಿಯುವವರೆಗೂ ಫೆರ್ಮಿನಾ ಅಂಗಳದಲ್ಲಿ ಕೋಳಿಗಳ ಜೊತೆ ನಿಂತಿದ್ದಳು. ಪಾದ್ರಿ ಹೊರಬಂದು ಅವಳ ಭುಜ ತಟ್ಟಿ ಹೋದರು. ಒಳಗಿನಿಂದ ಯಾರೂ ಕರೆಯಲಿಲ್ಲ.

ಸೋಮವಾರ ಬೆಳಗ್ಗೆ ಐದಕ್ಕೆ ಒಂಬತ್ತನೆಯದು. ಬತ್ತಿ ಬೆರಳುದ್ದ ಉಳಿದಿದೆ. ಪಶ್ಚಾತ್ತಾಪ, ಆರಂಭದ ಪ್ರಾರ್ಥನೆ, ದಿನದ ಓದು, ಮೂರು ಮೂರು ಜಪ ಎಲ್ಲ ಸಾಗುತ್ತದೆ. ಫೆರ್ಮಿನಾ ಕೋರಿಕೆ ಶುರು ಮಾಡುತ್ತಾಳೆ. "ಸಂತ ರೀತಾ, ನನ್ನ ತಂಗಿ ಸೆಲ್ಸಾಳ ಆಪರೇಷನ್ ಚೆನ್ನಾಗಿ ಆಗಿ ಅವಳು ಮನೆಗೆ ಬರೋ ಹಾಗೆ ದೇವರಲ್ಲಿ ಕೇಳು..."

ಅಲ್ಲಿಗೆ ನಿಲ್ಲುತ್ತಾಳೆ. ಮೂವತ್ತೊಂದು ವರ್ಷ ಊರಿನವರಿಗೆಲ್ಲ ಕಲಿಸಿದ ಆ ಎರಡು ಮಾತು ಅವಳಿಗೇ ಬೇಡವಾಗಿದೆ. ತಂಗಿ ಬದುಕಬೇಕು. ಚಿತ್ತವಿರಲಿ, ಇಲ್ಲದಿರಲಿ, ಬದುಕಬೇಕು.

"ಹೇಳು ಅಕ್ಕ" ಎನ್ನುತ್ತಾಳೆ ಸೆಲ್ಸಾ.

ಫೆರ್ಮಿನಾ ತಲೆ ಅಲ್ಲಾಡಿಸುತ್ತಾಳೆ.

"ಹೇಳೇ. ಬಾಲ ಬಿಟ್ರೆ ಹುಕುಂ ಆಗುತ್ತೆ." ಸೆಲ್ಸಾ ಕೈ ಚಾಚಿ ಅಕ್ಕನ ಮಣಿಕಟ್ಟು ಹಿಡಿದು, ತಾನೇ ಹೇಳುತ್ತಾಳೆ: "ಅದು ಅವನ ಚಿತ್ತವಾದ್ರೆ. ಆಮೆನ್."

ಅವತ್ತು ಹಾಡು ಹಾಡಿದವಳು ಲಿದಿಯಾ ಒಬ್ಬಳೇ. ಸೆಲ್ಸಾ ಅಕ್ಕನ ಮಣಿಕಟ್ಟು ಬಿಟ್ಟಿರಲಿಲ್ಲ.

ನಾನು ಆಸ್ಪತ್ರೆಯಲ್ಲಿ ಕೂತು ಇದನ್ನು ಬರೆಯುತ್ತಿರುವುದು ಮಂಗಳವಾರ ಬೆಳಗ್ಗೆ. ಸೆಲ್ಸಾಳನ್ನು ಏಳಕ್ಕೆ ಒಳಗೆ ಕರೆದುಕೊಂಡು ಹೋದರು. ಬಾಗಿಲು ಇನ್ನೂ ತೆರೆದಿಲ್ಲ. ಫೆರ್ಮಿನಾ ಆಸ್ಪತ್ರೆಯ ಬೆಂಚಿನ ತುದಿಯಲ್ಲಿ ಕೂತಿದ್ದಾಳೆ, ಚೀಲ ತೊಡೆಯ ಮೇಲೆ. ಒಂಬತ್ತು ದಿನ ಆಯಿತು, ಇವತ್ತಿಗೆ ಪುಸ್ತಕದಲ್ಲಿ ಏನೂ ಇಲ್ಲ. ಕೇಳಿದ್ದು ಆಗದಿದ್ದರೆ ಎಂದು ಕೇಳಿದರೆ ಸಿಡುಕುತ್ತಾಳೆ. "ಅಂಗಡಿ ಅಲ್ಲ ಅದು, ಸಾಮಾನು ಸಿಗಲಿಲ್ಲ ಅಂತ ಜಗಳ ಆಡೋಕೆ. ಒಂಬತ್ತು ದಿನ ಅವಳ ಪಕ್ಕ ಕೂತಿದ್ದೆ. ಅದನ್ನ ಯಾರೂ ವಾಪಸ್ ಕಿತ್ಕೊಳೋಕೆ ಆಗಲ್ಲ."

ತನಗೇನು ಬೇಕು ಎಂದು ಕೇಳಿದರೆ ಬಾಗಿಲ ಕಡೆ ಕೈ ತೋರಿಸುತ್ತಾಳೆ.

"ಮನೆಗೆ ಬಂದು ನನ್ನ ಜೊತೆ ಜಗಳ ಆಡ್ಲಿ. ನನ್ನ ಮನೇಲಿ ಎದುರು ಮಾತಾಡೋರು ಯಾರೂ ಇಲ್ಲ."

ಮಣಿಕಟ್ಟು ಸವರಿಕೊಂಡು, ಮೆಲ್ಲಗೆ ಸೇರಿಸುತ್ತಾಳೆ: "ಅವನ ಚಿತ್ತವಾದ್ರೆ."