ತರಗತಿಯ ಗ್ರೂಪಿಗೆ ತಪ್ಪಿ ಹೋದ ಫೋಟೊ

ಕಳೆದ ಜೂನ್‌ನಲ್ಲಿ ಮಗಳು ಸಾನ್ವಿಯನ್ನು ಕೋಪರಖೈರಣೆಯ ನಮ್ಮ ಮನೆ ಹತ್ತಿರದ ಶಾಲೆಗೆ ಮೊದಲ ಸಲ ಬಿಟ್ಟು ಬಂದ ದಿನ ಅದು. ನಮ್ಮ ಊರು ಉಡುಪಿ, ಕೆಲಸಕ್ಕೆಂದು ಈ ಮರಾಠಿ ನಾಡಿಗೆ ಬಂದವರು. ಗಂಡ ವಾಶಿಯ ಹೋಟೆಲೊಂದರಲ್ಲಿ ಮ್ಯಾನೇಜರ್, ನಾನು ಬೇಲಾಪುರದ ಆಫೀಸಿಗೆ ಹೋಗುವವಳು.

ಸಾನ್ವಿಗೆ ಮಾತು ತಡವಾಗಿತ್ತು. ಬಾತ್‌ರೂಮಿಗೆ ಹೋಗಬೇಕಾದಾಗ ಬಲಗಿವಿ ಹಿಡಿದುಕೊಂಡು ಸುಮ್ಮನೆ ನಿಲ್ಲುತ್ತಿದ್ದಳು. ಅದು ನಮಗೆ ಮಾತ್ರ ಗೊತ್ತಿತ್ತು. ಮಿಸ್‌ಗೆ ಹೇಳಬೇಕೆಂದಿದ್ದೆ. ಆದರೆ ಗೇಟಿನಲ್ಲಿ ಅಳುವ ಮಕ್ಕಳು, ಎತ್ತಿಕೊಂಡ ತಂದೆ ತಾಯಂದಿರು, ತಳ್ಳಾಟ. ಕಾವಲುಗಾರ ಮಕ್ಕಳನ್ನಷ್ಟೇ ಒಳಗೆ ಬಿಟ್ಟು ಗೇಟು ಹಾಕಿದ. ಸಾನ್ವಿ ಅಳಲಿಲ್ಲ. ತಿರುಗಿಯೂ ನೋಡಲಿಲ್ಲ. ಗೇಟಿನೊಳಗೆ ಹೋಗುತ್ತಿದ್ದವಳ ಬೆನ್ನಿನ ಫೋಟೊ ಒಂದು ಸಿಕ್ಕಿತ್ತು.

ಆಫೀಸಿಗೆಂದು ಲೋಕಲ್ ರೈಲು ಹತ್ತಿದ ಮೇಲೆ ಆ ಫೋಟೊವನ್ನು ಮನೆಯವರ ವಾಟ್ಸಾಪ್ ಗ್ರೂಪಿಗೆ ಹಾಕಿದೆ. ಕೆಳಗೆ, ‘ನಮ್ಮ ಸಾನ್ವಿ ಅಳದೆ ಶಾಲೆಗೆ ಹೋದಳು. ಇನ್ನು ದೊಡ್ಡವಳು!’ ಎಂದು ಬರೆದೆ. ಕೂಡಲೇ ಹಾರ್ಟುಗಳು ಬಂದವು. ಅತ್ತೆ ಮಾವ ಓದುವಲ್ಲಿ ಬೇರೇನು ಬರೆಯುವುದು?

ಅಕ್ಕನಿಗೆ ಮಾತ್ರ ನಿಜ ಬರೆಯೋಣ ಎನ್ನಿಸಿತು. ಅದೇ ಫೋಟೊ ಮತ್ತೆ ಆರಿಸಿ, ಅಡಿಯಲ್ಲಿ ಬರೆದೆ: ‘ಕೈ ಬಿಡಿಸಿಕೊಂಡು ತಾನೇ ಒಳಗೆ ಹೋದಳು, ಹೆಮ್ಮೆಯಾಯಿತು. ಆದರೆ ಅವಳು ಕಿವಿ ಹಿಡಿದು ನಿಂತರೆ ಬಾತ್‌ರೂಮಿಗೆ ಅಂತ ಅಲ್ಲಿ ಯಾರಿಗೆ ಗೊತ್ತು? ಮಾತು ಬಾರದ ಮಗುವನ್ನು ಬಿಟ್ಟು ಬಂದಿದ್ದೇನೆ.’

ಕಳಿಸುವ ಪಟ್ಟಿಯಲ್ಲಿ ಅಕ್ಕನ ಹೆಸರಿನ ಮೇಲೆಯೇ ಮಗಳ ತರಗತಿಯ ಪಾಲಕರ ಗ್ರೂಪ್ ಇತ್ತು. ಬೆರಳು ಅದಕ್ಕೆ ತಾಗಿತು. ಹೋದ ಮೇಲೆ ಗೊತ್ತಾಯಿತು. ಗಾಬರಿಯಲ್ಲಿ ಅಳಿಸಲು ಹೋಗಿ, ‘ಡಿಲೀಟ್ ಫಾರ್ ಎವ್ರಿವನ್’ ಒತ್ತುವ ಬದಲು ‘ಡಿಲೀಟ್ ಫಾರ್ ಮಿ’ ಒತ್ತಿದೆ. ಕೆಳಗೆ, ಮಾಡಿದ್ದನ್ನು ರದ್ದುಪಡಿಸುವ ‘ಅನ್‌ಡು’ ಬಂತು. ಒತ್ತುವಷ್ಟರಲ್ಲಿ ಮಾಯವಾಯಿತು. ಈಗ ಆ ಫೋಟೊ ನನ್ನ ಫೋನಿನ ಗ್ರೂಪಿನಲ್ಲಿ ಮಾತ್ರ ಇರಲಿಲ್ಲ, ಉಳಿದವರಿಗೆಲ್ಲ ಕಾಣುತ್ತಿತ್ತು. ಇನ್ನು ಅಳಿಸುವುದಾದರೆ ಅಡ್ಮಿನ್ ಅಳಿಸಬೇಕು. ಅಡ್ಮಿನ್ ಎಂದರೆ ಮಿಸ್.

ಗಂಡನಿಗೆ ಫೋನ್ ಮಾಡಿದೆ. “ಅಲ್ಲಿ ಯಾರಿಗೂ ಕನ್ನಡ ಓದ್ಲಿಕ್ಕೆ ಬರುದಿಲ್ಲ ಮಾರಾಯ್ತಿ. ಟೆನ್ಶನ್ ತಗೊಳ್ಬೇಡ,” ಎಂದರು.

ಫೋನ್ ಇಡುತ್ತಿದ್ದಂತೆ ಗೊತ್ತಿಲ್ಲದ ನಂಬರಿನಿಂದ ಕರೆ ಬಂತು.

“ನಮಸ್ಕಾರ್ರೀ, ನಾ ಅರ್ಣವ್‌ನ ಮಮ್ಮಿ, ಲಕ್ಷ್ಮಿ. ಗ್ರೂಪಿನ್ಯಾಗ ನಿಮ್ಮ ನಂಬರ್ ಸಿಕ್ತು. ನಮ್ದು ವಿಜಯಪುರ ಕಡೆ. ನೀವು ಬರ್ದಿದ್ದು ಓದಿದೆ.”

ಮುಖ ಬಿಸಿಯಾಯಿತು. “ತಪ್ಪಿ ಹೋಯ್ತು. ಅಕ್ಕನಿಗೆ ಕಳಿಸ್ಲಿಕ್ಕೆ ಇತ್ತು.”

“ಅದಿರ್ಲಿ ಬಿಡ್ರಿ. ಕಿವಿ ವಿಷಯ ಮಿಸ್‌ಗೆ ಗೊತ್ತದ ಏನು?”

“ಇಲ್ಲ. ಈಗ ಅವರಿಗೆ ಮೆಸೇಜ್ ಹಾಕ್ತೇನೆ.”

“ಕ್ಲಾಸ್‌ನ್ಯಾಗ ಅವ್ರು ಫೋನ್ ನೋಡಂಗಿಲ್ರಿ. ನಮ್ಮವ ಅತ್ತಾನಂತ ನಾ ಇನ್ನೂ ಗೇಟಿನ ಹೊರಗ ಕೂತೀನಿ. ನಾ ಹೇಳಿ ಕಳಸ್ಲೇನು?”

ಹೇಳಿದರೆ, ನನ್ನ ಮಗಳಿಗೆ ಮಾತು ಬಾರದೆಂದು ಮೊದಲ ದಿನವೇ ಶಾಲೆಗೆಲ್ಲ ತಿಳಿಯುತ್ತದೆ. ಆದರೂ, “ಹೇಳಿ,” ಎಂದೆ.

ಆಫೀಸಿಗೆ ಹೋಗದೆ, ಶಾಲೆಗೆ ಮರಳಲೆಂದು ನಡುವಿನ ಜುಯಿನಗರ ಸ್ಟೇಷನ್ನಿನಲ್ಲಿ ಇಳಿದುಬಿಟ್ಟೆ. ವಾಪಸ್ ಹೋಗುವ ರೈಲಿನ ಪ್ಲಾಟ್‌ಫಾರ್ಮಿನಲ್ಲಿ ನಿಂತಿದ್ದಾಗ ಲಕ್ಷ್ಮಿ ಮತ್ತೆ ಕರೆ ಮಾಡಿದರು. ಕಾವಲುಗಾರನಿಗೆ ಮರಾಠಿಯಲ್ಲಿ ಹೇಳಿದ್ದರಂತೆ, ಅವನು ಒಳಗಿನ ಮಾವಶಿಯನ್ನು ಕರೆದನಂತೆ. ಮಕ್ಕಳನ್ನು ನೋಡಿಕೊಳ್ಳುವ ಆಯಾಗೆ ಅಲ್ಲಿ ಎಲ್ಲರೂ ಮಾವಶಿ ಎನ್ನುತ್ತಾರೆ.

“ಮಾವಶಿ ಹೋದಾಗ ನಿಮ್ಮ ಕೂಸು ಗೋಡಿ ಹತ್ರ ಕಿವಿ ಹಿಡ್ಕೊಂಡ ನಿಂತಿತ್ತಂತ್ರಿ. ಮಿಸ್ ಕಿವಿ ನೋವಂತ ತಿಳ್ಕೊಂಡು, ಒಳಗ ನೋಡಾಕ ಹತ್ತಿದ್ರಂತ. ಮಾವಶಿ ಬಾತ್‌ರೂಮಿಗೆ ಕರ್ಕೊಂಡ ಹೋದ್ಲು. ಚೊಲೊ ಅದಾಳ. ಈಗ ಆಟಕ್ಕ ಕೂತಾಳ.”

“ಥ್ಯಾಂಕ್ಸ್, ಥ್ಯಾಂಕ್ಸ್,” ಎಂದು ಗಟ್ಟಿಯಾಗಿ ಹೇಳಿಬಿಟ್ಟೆ. ಪಕ್ಕದಲ್ಲಿದ್ದ ಹೆಂಗಸು ನನ್ನನ್ನೇ ನೋಡುತ್ತಿದ್ದಳು.

ಶಾಲೆ ಬಿಡುವ ಹೊತ್ತಿಗೆ ಗೇಟಿಗೆ ಹೋದೆ. ಲಕ್ಷ್ಮಿ ತಾವೇ ಗುರುತು ಹಿಡಿದು ಮಾತಾಡಿಸಿದರು. ಮಿಸ್ ಹೊರಗೆ ಬಂದು, ಸಾನ್ವಿಯ ಬೇರೆ ಸನ್ನೆಗಳಿದ್ದರೆ ಅವನ್ನೂ ಹೇಳಿ ಎಂದು ಹಿಂದಿಯಲ್ಲಿ ಕೇಳಿದರು. ಅಲ್ಲೇ ನಿಂತು ಹೇಳಿದೆ. ತಪ್ಪಿ ಬಂದದ್ದೆಂದು ಲಕ್ಷ್ಮಿಯಿಂದ ತಿಳಿದಿತ್ತೇನೋ, ಗ್ರೂಪಿನಲ್ಲಿದ್ದ ಆ ಫೋಟೊ ಅಳಿಸಬೇಕೇ ಎಂದೂ ಕೇಳಿದರು. ಬೇಡ ಎಂದೆ.

ಸಾನ್ವಿ ಈಗ ಸಾಕಷ್ಟು ಮಾತಾಡುತ್ತಾಳೆ, ಹೆಚ್ಚಾಗಿ ಹಿಂದಿಯಲ್ಲಿ. ಈಗಲೂ ಯಾರಾದರೂ ಮಗುವಿನ ಶಾಲೆಯ ಮೊದಲ ದಿನದ ಫೋಟೊ ಹಾಕಿದರೆ, ಕೆಳಗಿನ ಸಾಲನ್ನು ನಿಧಾನವಾಗಿ ಓದುತ್ತೇನೆ. ಹಾರ್ಟು ಒತ್ತಿ ಮುಂದೆ ಹೋಗಲು ಮನಸ್ಸು ಬರುವುದಿಲ್ಲ. “ಮಗು ಹೇಗಿದೆ? ನೀವು ಹೇಗಿದ್ದೀರಿ?” ಎಂದು ಆ ತಾಯಿಗೊಂದು ಫೋನ್ ಮಾಡುತ್ತೇನೆ.